ಜಿಬಿಎಸ್ ಸ್ವಾಬ್: ಪರೀಕ್ಷೆ 36ನೇ ವಾರಕ್ಕೆ, ಔಷಧಿ ಹೆರಿಗೆ ನೋವು ಬಂದಮೇಲೆ

ಜಿಬಿಎಸ್ ಎಂದರೆ ಗುಂಪು ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ಗಿಲ್ಲನ್-ಬಾರೆ ಎಂಬ ನರರೋಗವನ್ನೂ ಇದೇ ಮೂರಕ್ಷರಗಳಿಂದ ಕರೆಯುತ್ತಾರೆ, ಆದರೆ ಎರಡಕ್ಕೂ ಸಂಬಂಧವಿಲ್ಲ. ಗಂಟಲುನೋವು ತರುವ ಸ್ಟ್ರೆಪ್ಟೊಕಾಕಸ್ ಗುಂಪು ಎಯದು, ಅದೂ ಬೇರೆ. ಈ ಬ್ಯಾಕ್ಟೀರಿಯಾದ ಶಾಸ್ತ್ರೀಯ ಹೆಸರಿನಲ್ಲಿರುವ 'ಅಗಲಾಕ್ಟಿಯೆ'ಗೆ 'ಹಾಲಿಲ್ಲದ' ಎಂಬ ಅರ್ಥವಿದೆ. ಮೊದಲು ಇದರ ಗುರುತು ಸಿಕ್ಕಿದ್ದು ಹಸುಗಳ ಕೆಚ್ಚಲುಬಾವಿನಲ್ಲಿ.

ಇದರ ಖಾಯಂ ನೆಲೆ ಕರುಳು. ಅಲ್ಲಿಂದ ಆಗಾಗ ಯೋನಿಗೂ ಹರಡುತ್ತದೆ. ಗರ್ಭಿಣಿಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಲ್ಲಿ ಇದು ಇರುತ್ತದೆ. ಉರಿ, ತುರಿಕೆ, ಸ್ರಾವ ಯಾವುದೂ ಇರುವುದಿಲ್ಲ. ಹಾಗಾಗಿ 'ಪಾಸಿಟಿವ್' ಎಂದರೆ ಸೋಂಕು ತಗುಲಿದೆ ಎಂದಲ್ಲ, ಬ್ಯಾಕ್ಟೀರಿಯಾ ಅಲ್ಲಿ ವಾಸವಾಗಿದೆ ಎಂದಷ್ಟೇ. ಅದು ಲೈಂಗಿಕ ರೋಗವೂ ಅಲ್ಲ, ಶುಚಿತ್ವದ ಕೊರತೆಯೂ ಅಲ್ಲ.

ತೊಂದರೆ ಇರುವುದು ಮಗುವಿಗೆ. ನೀರಿನ ಚೀಲ ಒಡೆದಮೇಲೆ ಬ್ಯಾಕ್ಟೀರಿಯಾ ಮೇಲೇರಬಹುದು, ಇಲ್ಲವೇ ಮಗು ಹೊರಬರುವ ದಾರಿಯಲ್ಲಿ ಅಂಟಿಕೊಳ್ಳಬಹುದು. ಔಷಧಿ ಕೊಡದಿದ್ದರೆ ಪಾಸಿಟಿವ್ ತಾಯಂದಿರ ಮಕ್ಕಳಲ್ಲಿ ಅರ್ಧದಷ್ಟಕ್ಕೆ ಅದು ಅಂಟುತ್ತದೆ. ಹೆಚ್ಚಿನವಕ್ಕೆ ಏನೂ ಆಗುವುದಿಲ್ಲ. ಪಾಸಿಟಿವ್ ತಾಯಂದಿರ 100 ಮಕ್ಕಳಲ್ಲಿ ಒಂದೆರಡಕ್ಕೆ ಮಾತ್ರ ಕಾಯಿಲೆ ಬರುತ್ತದೆ. ಆದರೆ ಬಂದರೆ ರಕ್ತದ ನಂಜು, ನ್ಯುಮೋನಿಯಾ ಅಥವಾ ಮೆದುಳಿನ ಪೊರೆ ಬಾಯುವ ಮೆನಿಂಜೈಟಿಸ್ ಆಗಿ ಬರುತ್ತದೆ, ಅದೂ ಸಾಮಾನ್ಯವಾಗಿ ಹುಟ್ಟಿದ ಮೊದಲ ಒಂದೆರಡು ದಿನಗಳಲ್ಲೇ.

ಪರೀಕ್ಷೆ ಸರಳ. 36ನೇ ವಾರ ತುಂಬಿದ ಮೇಲೆ, 38 ತುಂಬುವುದರೊಳಗೆ ಮಾಡುತ್ತಾರೆ. ಹತ್ತಿ ಸುತ್ತಿದಂಥ ಕಡ್ಡಿಯನ್ನು ಮೊದಲು ಯೋನಿಯ ಕೆಳಭಾಗದಲ್ಲಿ, ಆಮೇಲೆ ಗುದದ್ವಾರದ ಸ್ವಲ್ಪ ಒಳಗೆ ತಿರುಗಿಸಿ ತೆಗೆಯಬೇಕು. ಯೋನಿಯನ್ನು ಅಗಲಿಸಿ ನೋಡುವ ಸ್ಪೆಕ್ಯುಲಮ್ ಉಪಕರಣ ಬೇಡ. ಸಂಕೋಚದಿಂದ ಗುದದ್ವಾರವನ್ನು ಬಿಟ್ಟರೆ, ಅಥವಾ ಗರ್ಭಕೋಶದ ಕಂಠದಿಂದ ಮಾದರಿ ತೆಗೆದರೆ, ಬ್ಯಾಕ್ಟೀರಿಯಾ ಇದ್ದೂ ವರದಿ ನೆಗೆಟಿವ್ ಬರಬಹುದು. ಲ್ಯಾಬಿನಲ್ಲೂ ಮಾದರಿಯನ್ನು ಮೊದಲು ವಿಶೇಷ ಪೋಷಕ ದ್ರವದಲ್ಲಿ 18ರಿಂದ 24 ಗಂಟೆ ಬೆಳೆಸಬೇಕು. ಇಲ್ಲದಿದ್ದರೆ ಉಳಿದ ಬ್ಯಾಕ್ಟೀರಿಯಾಗಳ ಗುಂಪಿನಲ್ಲಿ ಇದು ಕಣ್ಣಿಗೆ ಬೀಳದೆ ಹೋಗುತ್ತದೆ. ಪೆನ್ಸಿಲಿನ್ ಅಲರ್ಜಿ ಇದ್ದರೆ ಮಾದರಿಯ ಚೀಟಿಯಲ್ಲೇ ಬರೆಸಿ. ಬದಲಿ ಔಷಧಿಯಾದ ಕ್ಲಿಂಡಮೈಸಿನ್ ನಾಟುತ್ತದೆಯೇ ಎಂದು ಲ್ಯಾಬ್ ಆಗಲೇ ನೋಡಿಡಬೇಕಾಗುತ್ತದೆ.

ಪಾಸಿಟಿವ್ ಬಂದ ದಿನವೇ ಮಾತ್ರೆ ನುಂಗಿ ಮುಗಿಸಬಾರದೇಕೆ? ಮಾತ್ರೆಯಿಂದ ಯೋನಿಯಲ್ಲಿರುವುದು ಕಡಿಮೆಯಾದರೂ ಕರುಳಿನ ನೆಲೆ ಉಳಿದಿರುತ್ತದೆ, ಹೆರಿಗೆಯ ಹೊತ್ತಿಗೆ ಬ್ಯಾಕ್ಟೀರಿಯಾ ಮರಳಿ ಬಂದಿರುತ್ತದೆ. ಹೆರಿಗೆ ನೋವಿನಲ್ಲಿ ರಕ್ತನಾಳಕ್ಕೆ ಕೊಟ್ಟ ಪೆನ್ಸಿಲಿನ್ ಎರಡು ಕೆಲಸ ಮಾಡುತ್ತದೆ: ಮಗು ಬರುವ ದಾರಿಯಲ್ಲಿ ಬ್ಯಾಕ್ಟೀರಿಯಾದ ಸಂಖ್ಯೆ ಇಳಿಸುತ್ತದೆ, ಜೊತೆಗೆ ಹೊಕ್ಕುಳಬಳ್ಳಿಯ ಮೂಲಕ ಮಗುವಿನ ರಕ್ತಕ್ಕೂ ತಲುಪುತ್ತದೆ. ಮೊದಲ ಡೋಸ್ 50 ಲಕ್ಷ ಯೂನಿಟ್. ಆಮೇಲೆ ಹೆರಿಗೆ ಆಗುವವರೆಗೆ ಪ್ರತಿ 4 ಗಂಟೆಗೆ 25ರಿಂದ 30 ಲಕ್ಷ.

ಒಂದು ಲೆಕ್ಕ ನೋಡೋಣ. 36 ವಾರ 3 ದಿನಕ್ಕೆ ಸ್ವಾಬ್ ತೆಗೆದು ಪಾಸಿಟಿವ್ ಬಂದಿದೆ. ವರದಿಯನ್ನು 5 ವಾರ ನಂಬಬಹುದು, ಅಂದರೆ 41 ವಾರ 3 ದಿನದವರೆಗೆ. 39ನೇ ವಾರದಲ್ಲಿ ನೋವು ಬಂದು, ರಾತ್ರಿ 10:30ಕ್ಕೆ ಮೊದಲ ಡೋಸ್, 2:30ಕ್ಕೆ ಎರಡನೆಯದು, 4:15ಕ್ಕೆ ಹೆರಿಗೆ. ಮೊದಲ ಡೋಸಿಗೂ ಹೆರಿಗೆಗೂ 4 ಗಂಟೆಗಿಂತ ಹೆಚ್ಚು ಅಂತರವಿರುವುದರಿಂದ ಸಾಕಷ್ಟು ರಕ್ಷಣೆ ಸಿಕ್ಕಂತೆ. ಅದೇ ಮಗು 1 ಗಂಟೆಗೇ ಹುಟ್ಟಿದ್ದರೆ? ಎರಡೂವರೆ ಗಂಟೆಯ ಔಷಧಿ ವ್ಯರ್ಥವಲ್ಲ, ಆದರೆ ಪೂರ್ಣವೂ ಅಲ್ಲ. ಮಗುವಿನ ಉಸಿರು, ಜ್ವರ, ಹಾಲು ಕುಡಿಯುವ ಬಗೆಯನ್ನು 36ರಿಂದ 48 ಗಂಟೆ ಆಸ್ಪತ್ರೆಯಲ್ಲೇ ಗಮನಿಸುವುದು ವಾಡಿಕೆ. ಆದ್ದರಿಂದಲೇ ಪಾಸಿಟಿವ್ ಇರುವವರು ನೀರು ಒಡೆದರೆ ನೋವು ಶುರುವಾಗಲೆಂದು ಮನೆಯಲ್ಲಿ ಕಾಯಬಾರದು.

ಕೆಲವರಿಗೆ ಸ್ವಾಬ್ ಬೇಕಿಲ್ಲ, ನೇರವಾಗಿ ಔಷಧಿಯೇ: ಈ ಬಸಿರಿನಲ್ಲಿ ಮೂತ್ರದಲ್ಲಿ ಜಿಬಿಎಸ್ ಕಂಡಿದ್ದವರಿಗೆ, ಹಿಂದಿನ ಮಗುವಿಗೆ ಈ ಕಾಯಿಲೆ ಬಂದಿದ್ದವರಿಗೆ. ನೋವು ಬರುವ ಮೊದಲೇ, ನೀರೂ ಒಡೆಯದೆ ಸಿಸೇರಿಯನ್ ಆದರೆ ಜಿಬಿಎಸ್‌ಗೆಂದು ಔಷಧಿ ಬೇಡ. ಶಸ್ತ್ರಕ್ರಿಯೆಗೆ ಕೊಡುವ ಆಂಟಿಬಯಾಟಿಕ್ ಬೇರೆ ಲೆಕ್ಕ. ಬ್ರಿಟನ್ನಿನಂಥ ದೇಶಗಳಲ್ಲಿ ಎಲ್ಲರಿಗೂ ಸ್ವಾಬ್ ಮಾಡುವ ಪದ್ಧತಿಯೇ ಇಲ್ಲ, ಅಪಾಯದ ಲಕ್ಷಣ ನೋಡಿ ಕೊಡುತ್ತಾರೆ.

ಹೆರಿಗೆಯ ಹೊತ್ತಿನ ಈ ಔಷಧಿ ತಡೆಯುವುದು ಮೊದಲ ವಾರದ ಕಾಯಿಲೆಯನ್ನು ಮಾತ್ರ. ಒಂದು ವಾರದಿಂದ ಮೂರು ತಿಂಗಳವರೆಗೆ ತಡವಾಗಿ ಬರುವ ಬಗೆಯ ಮೇಲೆ ಇದರ ಪ್ರಭಾವವಿಲ್ಲ. ಆ ಅವಧಿಯಲ್ಲಿ ಮಗುವಿಗೆ ಜ್ವರ ಬಂದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ನರಳುತ್ತಾ ಉಸಿರಾಡಿದರೆ, ತಾಯಿಗೆ ಡ್ರಿಪ್ ಕೊಟ್ಟಿದ್ದರೂ ಸ್ವಾಬ್ ನೆಗೆಟಿವ್ ಬಂದಿದ್ದರೂ, ಅಂದೇ ವೈದ್ಯರಿಗೆ ತೋರಿಸಬೇಕು.