ಕ್ಯಾಬ್ ಮಿನಿಟ್ಸ್‌ನಲ್ಲಿ 'ಡಿಫರ್ಡ್' ಎಂದರೇನು?

ಚಾಲ್ತಿಯಲ್ಲಿರುವ ಸರ್ವರ್, ಡೇಟಾಬೇಸ್, ನೆಟ್‌ವರ್ಕ್‌ಗಳಲ್ಲಿ ಏನಾದರೂ ಬದಲಾಯಿಸಬೇಕಿದ್ದರೆ ಅನೇಕ ಐಟಿ ವಿಭಾಗಗಳಲ್ಲಿ ಮೊದಲು ಚೇಂಜ್ ರಿಕ್ವೆಸ್ಟ್ ಹಾಕಬೇಕು. ಅಂಥ ಕೋರಿಕೆಗಳನ್ನು ಪರಿಶೀಲಿಸುವ ಗುಂಪು ಚೇಂಜ್ ಅಡ್ವೈಸರಿ ಬೋರ್ಡ್, ಬಾಯಿಮಾತಿನಲ್ಲಿ 'ಕ್ಯಾಬ್'. ಅದರ ಸಭೆಯ ನಡಾವಳಿಯೇ ಕ್ಯಾಬ್ ಮಿನಿಟ್ಸ್. ಪ್ರತಿ ಕೋರಿಕೆಯ ಮುಂದೆ ಅಪ್ರೂವ್ಡ್, ರಿಜೆಕ್ಟೆಡ್, ಡಿಫರ್ಡ್ ಎಂಬ ಮೂರರಲ್ಲಿ ಒಂದು ತೀರ್ಮಾನ, ಜೊತೆಗೆ ರಿಸ್ಕ್ ಟಿಪ್ಪಣಿ ಇರುತ್ತದೆ.

ಮೊದಲೆರಡು ಪದಗಳಲ್ಲಿ ಗೊಂದಲವಿಲ್ಲ. ಜನ ತಪ್ಪು ತಿಳಿಯುವುದು ಮೂರನೆಯದನ್ನು. ಡಿಫರ್ಡ್ ಎಂದರೆ ನಯವಾಗಿ 'ಬೇಡ' ಅಂದಂತಲ್ಲ. ಬದಲಾವಣೆ ಬೇಕು, ಆದರೆ ಇಂಥ ಒಂದು ಪ್ರಶ್ನೆಗೆ ಉತ್ತರ ಸಿಗುವವರೆಗೆ ಕೈಹಾಕಬೇಡಿ ಎಂದು ಅರ್ಥ. ಆ ಪ್ರಶ್ನೆ ಯಾವುದು, ಉತ್ತರ ತರಬೇಕಾದವರು ಯಾರು, ಯಾವ ಸಭೆಗೆ ಎಂಬುದನ್ನು ಮಿನಿಟ್ಸ್‌ನಲ್ಲಿ ಬರೆಯದಿದ್ದರೆ ಕೋರಿಕೆ ವಾರಗಟ್ಟಲೆ ಕೊಳೆಯುತ್ತದೆ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಸಂಬಳದ ಲೆಕ್ಕ ಇರುವ ಡೇಟಾಬೇಸನ್ನು ಹೊಸ ಆವೃತ್ತಿಗೆ ಏರಿಸಬೇಕು. ಶನಿವಾರ ರಾತ್ರಿ 11ರಿಂದ 3ರವರೆಗೆ ಸೇವೆ ನಿಲ್ಲಿಸಲು ಒಪ್ಪಿಗೆ ಇದೆ. ಅಪ್‌ಗ್ರೇಡ್‌ಗೆ ಒಂದೂವರೆ ಗಂಟೆ, ಪರೀಕ್ಷೆಗೆ ಅರ್ಧ ಗಂಟೆ. 1 ಗಂಟೆಗೆಲ್ಲ ಮುಗಿಯಿತು, ಇನ್ನೂ 2 ಗಂಟೆ ಉಳಿಯಿತು ಅನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಕೆಟ್ಟರೆ? ಬ್ಯಾಕಪ್‌ನಿಂದ ಹಳೆಯದನ್ನು ಮರಳಿ ತರಲು 3 ಗಂಟೆ ಬೇಕು. ಅಂದರೆ ಬೆಳಗಿನ ಜಾವ 4. ಕೆಲಸಕ್ಕೆ ಸಮಯ ಸಾಕು, ಹಿಂದಿರುಗಲು ಸಾಲದು.

ಇದಕ್ಕೆ 'ರಿಸ್ಕ್: ಮಧ್ಯಮ' ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. (ಹೆಚ್ಚಿನ ಮಿನಿಟ್ಸ್‌ನಲ್ಲಿ ನಾನು ನೋಡುವುದು ಇದನ್ನೇ.) ಹೀಗೆ ಬರೆದರೆ ತಿಳಿಯುತ್ತದೆ:

"ಡಿಫರ್ಡ್. ರೋಲ್‌ಬ್ಯಾಕ್‌ಗೆ 3 ಗಂಟೆ. ಪರೀಕ್ಷೆ ಮುಗಿದ ಮೇಲೆ ಉಳಿಯುವುದು 2 ಗಂಟೆ. ಸ್ಟೋರೇಜ್ ಸ್ನ್ಯಾಪ್‌ಶಾಟ್‌ನಿಂದ ಮರಳಿಸಿ ನೋಡಿ, ತಗುಲಿದ ಸಮಯವನ್ನು ಮುಂದಿನ ಸಭೆಗೆ ತಿಳಿಸುವುದು. ಹೊಣೆ: ಡೇಟಾಬೇಸ್ ತಂಡ."

ಸ್ನ್ಯಾಪ್‌ಶಾಟ್ ಎಂದರೆ ಒಂದು ಕ್ಷಣದಲ್ಲಿ ಡೇಟಾ ಹೇಗಿತ್ತೋ ಹಾಗೆಯೇ ಸ್ಟೋರೇಜ್‌ನಲ್ಲಿ ಹಿಡಿದಿಟ್ಟ ಸ್ಥಿತಿ. ಮುಂದಿನ ಸಭೆಯಲ್ಲಿ ತಂಡ, ಟೆಸ್ಟ್ ಸರ್ವರ್‌ನಲ್ಲಿ ಅದರಿಂದ ಮರಳಿಸಲು 40 ನಿಮಿಷ ಹಿಡಿಯಿತು ಎನ್ನುತ್ತದೆ. ಆಗ ತೀರ್ಮಾನ ಷರತ್ತಿನ ಮೇಲೆ ಅಪ್ರೂವ್ಡ್: ರಾತ್ರಿ 2ಕ್ಕೆ ಪರೀಕ್ಷೆ ಪಾಸಾಗಿರದಿದ್ದರೆ ಚರ್ಚೆ ಬೇಡ, ಹಿಂದಕ್ಕೆ. 2.40ಕ್ಕೆ ಹಳೆಯದು ಮರಳಿರುತ್ತದೆ, 20 ನಿಮಿಷ ಕೈಯಲ್ಲಿರುತ್ತದೆ. ಇನ್ನೇನು ಸರಿಹೋಗುತ್ತದೆ, ಹತ್ತೇ ನಿಮಿಷ ಕೊಡಿ ಎಂದು ನಡುರಾತ್ರಿ ಇಂಜಿನಿಯರ್ ಕೇಳಿಯೇ ಕೇಳುತ್ತಾರೆ. ಆ ಗಡುವನ್ನು ಮೊದಲೇ ಬರೆದಿಡುವುದು ಅದಕ್ಕೇ.

ಟಿಪ್ಪಣಿಗೆ ಇನ್ನೊಂದು ಸಾಲು ಬೇಕು. ಸ್ನ್ಯಾಪ್‌ಶಾಟ್‌ಗೆ ಮರಳಿದರೆ ಅದನ್ನು ತೆಗೆದ ನಂತರ ಸೇರಿದ ಡೇಟಾ ಎಲ್ಲ ಹೋಗುತ್ತದೆ. ಹಾಗಾಗಿ ಪರೀಕ್ಷೆ ಪಾಸಾಗುವವರೆಗೆ ಬಳಕೆದಾರರನ್ನು ಒಳಗೆ ಬಿಡುವಂತಿಲ್ಲ. ಸೋಮವಾರ ನೂರಾರು ಹೊಸ ನಮೂದುಗಳು ಬಂದ ಮೇಲೆ ದೋಷ ಕಂಡರೆ, ಸ್ನ್ಯಾಪ್‌ಶಾಟ್ ಇದ್ದರೂ ಆ ದಾರಿ ಮುಚ್ಚಿರುತ್ತದೆ. ಹೊಸ ಆವೃತ್ತಿಯಲ್ಲೇ ರಿಪೇರಿ ಮಾಡಬೇಕು, ಅದಕ್ಕೆ ಬೇರೆಯೇ ಚೇಂಜ್ ರಿಕ್ವೆಸ್ಟ್ ಹಾಕಬೇಕು.