ಕಬ್ಬಿನೊಳಗಿನ ನೀರು ಯಾವ ಸಾಲಿಗೆ?

ಘಟಪ್ರಭೆ ದಂಡೆಯ ಒಂದು ಸಕ್ಕರೆ ಕಾರ್ಖಾನೆಯ ಪರಿಸರ ಅಧಿಕಾರಿ ಬೆಳಗಾವಿಯ ನನ್ನ ಕಚೇರಿಗೆ ಒಂದು ಹಾಳೆ ಹಿಡಿದು ಬಂದರು. ಮುಖದಲ್ಲಿ ಅರ್ಧ ನಗು, ಅರ್ಧ ಗಾಬರಿ. ‘ಸರ್, ಈ ವರ್ಷ ನಾವು ಬಳಸಿದ ನೀರು ಸೊನ್ನೆಗಿಂತ ಮೂವತ್ತು ಸಾವಿರ ಕಿಲೋಲೀಟರ್ ಕಡಿಮೆ ಬರುತ್ತಿದೆ’ ಎಂದರು. ಕೂಡಿಸಿ ಕಳೆದು ನೋಡಿದೆ. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ.

ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಹೆಚ್ಚಿನವು ಸಹಕಾರಿ ಅಥವಾ ಖಾಸಗಿ. ಷೇರುಪೇಟೆಯಲ್ಲಿ ಇರುವ ಕಂಪನಿಗಳದ್ದು ಕೆಲವು ಮಾತ್ರ. ಈ ತಲೆನೋವು ಆ ಕೆಲವಕ್ಕೆ ಸೇರಿದ್ದು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದೊಳಗಿನ ಕಂಪನಿಗಳು ವಾರ್ಷಿಕ ವರದಿಯೊಂದಿಗೆ ‘ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ’ ಕೊಡಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ 2022-23ನೇ ಸಾಲಿನಿಂದ ಕಡ್ಡಾಯ ಮಾಡಿದೆ. ಕಚೇರಿಗಳಲ್ಲಿ ಇದಕ್ಕೆ ಬಿಆರ್‌ಎಸ್‌ಆರ್ ಎಂದೇ ಹೆಸರು. ಅದರಲ್ಲಿ ಒಂಬತ್ತು ತತ್ವಗಳಿವೆ, ಆರನೆಯದು ಪರಿಸರ. ಅಲ್ಲಿ ಒಂದು ನೀರಿನ ಕೋಷ್ಟಕ. ಇವರು ಸಿಕ್ಕಿಬಿದ್ದದ್ದು ಅಲ್ಲಿಯೇ.

ಕೋಷ್ಟಕ ನೋಡಲು ಸರಳ. ನೀರು ಎಲ್ಲಿಂದ ಎತ್ತಿದಿರಿ ಎಂಬುದಕ್ಕೆ ಐದು ಸಾಲು: ಮೇಲ್ಮೈ ನೀರು, ಅಂತರ್ಜಲ, ಬೇರೆಯವರಿಂದ ಪಡೆದದ್ದು, ಸಮುದ್ರದ ನೀರು, ಇತರೆ. ಎಷ್ಟು ಹೊರಬಿಟ್ಟಿರಿ, ಎಲ್ಲಿಗೆ, ಶುದ್ಧೀಕರಿಸಿಯೋ ಹಾಗೆಯೋ ಎಂಬುದಕ್ಕೆ ಇನ್ನೊಂದು ಕೋಷ್ಟಕ. ಎತ್ತಿದ್ದರಲ್ಲಿ ಹೊರಬಿಟ್ಟಿದ್ದನ್ನು ಕಳೆದರೆ ಬಳಕೆ.

ಹಾಳೆಯ ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಆ ವರ್ಷ ನುರಿಸಿದ ಕಬ್ಬು 10 ಲಕ್ಷ ಟನ್. ನದಿಯಿಂದ ಎತ್ತಿದ ನೀರು 1,20,000 ಕಿಲೋಲೀಟರ್, ಕೊಳವೆಬಾವಿಗಳಿಂದ 30,000. ಒಟ್ಟು ಒಂದೂವರೆ ಲಕ್ಷ. ಶುದ್ಧೀಕರಣ ಘಟಕದ ಹೊರದಾರಿಯ ಮೀಟರ್ ತೋರಿಸಿದ್ದು 1,80,000. ಒಂದೂವರೆ ಲಕ್ಷ ತಂದು ಒಂದು ಲಕ್ಷ ಎಂಬತ್ತು ಸಾವಿರ ಹೊರಗೆ ಕೊಟ್ಟರೆ ನಡುವಿನ ಮೂವತ್ತು ಸಾವಿರ ಎಲ್ಲಿಯದು?

ಉತ್ತರ ಕಾರ್ಖಾನೆಯ ಗೇಟಿನಲ್ಲಿ ಸಾಲುಗಟ್ಟಿ ನಿಂತ ಟ್ರ್ಯಾಕ್ಟರ್‌ಗಳ ಮೇಲಿತ್ತು. ಕಬ್ಬಿನ ತೂಕದಲ್ಲಿ ಸುಮಾರು ಶೇ 70ರಷ್ಟು ನೀರು. ಒಂದು ಟನ್ ನೀರೆಂದರೆ ಒಂದು ಕಿಲೋಲೀಟರ್. 10 ಲಕ್ಷ ಟನ್ ಕಬ್ಬು ಒಳಗೆ ಬಂದರೆ ಅದರೊಂದಿಗೆ 7 ಲಕ್ಷ ಕಿಲೋಲೀಟರ್ ನೀರು ತೂಕದ ವೇಬ್ರಿಡ್ಜ್ ದಾಟಿತೆಂದೇ ಲೆಕ್ಕ. ರಸ ಕುದಿಸಿ ಗಟ್ಟಿ ಮಾಡುವಾಗ ಆ ನೀರು ಹಬೆಯಾಗಿ, ಮತ್ತೆ ತಣಿದು ಕಂಡೆನ್ಸೇಟ್ ಆಗಿ ಕೈಗೆ ಸಿಗುತ್ತದೆ. ಕಾರ್ಖಾನೆ ನದಿಯಿಂದ ಇಷ್ಟು ಕಡಿಮೆ ಎತ್ತಿ ನಡೆಯುವುದೇ ಅದರ ಬಲದಿಂದ. ಆದರೆ ಬಿಆರ್‌ಎಸ್‌ಆರ್ ಕೋಷ್ಟಕದಲ್ಲಿ ಕಬ್ಬಿನ ನೀರಿಗೆಂದು ಒಂದು ಸಾಲಿಲ್ಲ. ಜಿಆರ್‌ಐ ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದೆ: ಕಚ್ಚಾವಸ್ತುವಿನಿಂದ ಹೊರಬಂದು, ಕಾರ್ಖಾನೆಯೇ ನಿಭಾಯಿಸಬೇಕಾದ ನೀರನ್ನೂ ಎತ್ತಿದ ನೀರಿನ ಲೆಕ್ಕಕ್ಕೆ ಸೇರಿಸಬೇಕು ಎನ್ನುತ್ತದೆ. ನಮ್ಮ ಕೋಷ್ಟಕದಲ್ಲಿ ಅದು ಕೂರಬಹುದಾದ ಜಾಗ ಒಂದೇ, ‘ಇತರೆ’.

ಹಾಗೆಂದು 7 ಲಕ್ಷವನ್ನೂ ಅಲ್ಲಿ ಬರೆಯುವಂತಿಲ್ಲ. ಚೀಫ್ ಕೆಮಿಸ್ಟ್ ಅವರನ್ನು ಕೂರಿಸಿಕೊಂಡು ಲೆಕ್ಕ ಮಾಡಿದೆವು. ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆ, ಅಂದರೆ ಬಗ್ಯಾಸ್, ಕಬ್ಬಿನ ಶೇ 30ರಷ್ಟು, ಅದರಲ್ಲಿ ಅರ್ಧ ತೇವ. ಅದು ಬಾಯ್ಲರಿನಲ್ಲಿ ಸುಟ್ಟು ಚಿಮಣಿಯಿಂದ ಹೋಗುತ್ತದೆ. ಅಲ್ಲಿಗೆ ಒಂದೂವರೆ ಲಕ್ಷ ಕಳೆಯಿತು. ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್‌ನಲ್ಲಿ ಸುಮಾರು 25,000, ಕಾಕಂಬಿಯಲ್ಲಿ 10,000. ಉಳಿದದ್ದು 5,15,000. ಇದನ್ನೇ ‘ಇತರೆ’ ಸಾಲಿಗೆ ಹಾಕಿದೆವು. ಅಧಿಕಾರಿ ಮೊದಲು ಕಂಡೆನ್ಸೇಟ್ ಪಂಪುಗಳ ಓಟದಿಂದ ಲೆಕ್ಕ ಹಾಕಲು ಹೊರಟಿದ್ದರು. ಅದು ತಪ್ಪು ದಾರಿ. ಗಿರಣಿಯಲ್ಲಿ ಸಿಪ್ಪೆಯ ಮೇಲೆ ಸುರಿಯುವ ಬಿಸಿನೀರು ಅದೇ ಕಂಡೆನ್ಸೇಟ್. ಅದು ರಸದೊಂದಿಗೆ ಮತ್ತೆ ಸುತ್ತಿ ಬರುತ್ತದೆ. ಪಂಪನ್ನು ನಂಬಿದರೆ ಒಂದೇ ನೀರು ಎರಡು ಬಾರಿ ಲೆಕ್ಕಕ್ಕೆ ಬೀಳುತ್ತದೆ.

ಇನ್ನೊಂದು ತೊಡಕು ಕ್ಯಾಲೆಂಡರಿನದು. ಕಾರ್ಖಾನೆಯ ಪ್ರಯೋಗಾಲಯದ ಅಂತಿಮ ವರದಿ ಕಬ್ಬು ನುರಿಸುವ ಹಂಗಾಮಿನ ಲೆಕ್ಕ. ಬಿಆರ್‌ಎಸ್‌ಆರ್ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಆ ಹಂಗಾಮು ಏಪ್ರಿಲ್‌ಗೂ ಕೆಲವು ದಿನ ಚಾಚಿತ್ತು. ಹಂಗಾಮಿನ ಮೊತ್ತವನ್ನು ಎತ್ತಿ ಹಾಕದೆ ದಿನವಹಿ ವರದಿಗಳಿಂದ ಮಾರ್ಚ್ 31ಕ್ಕೆ ಗೆರೆ ಎಳೆಯಬೇಕಾಯಿತು.

ಈಗ ಎತ್ತಿದ ನೀರು 6,65,000, ಹೊರಬಿಟ್ಟಿದ್ದು 1,80,000, ಬಳಕೆ 4,85,000 ಕಿಲೋಲೀಟರ್. ಅದರ ದೊಡ್ಡ ಪಾಲು ಬಿಸಿನೀರು ತಣಿಸುವ ಸ್ಪ್ರೇ ಪಾಂಡ್ ಮತ್ತು ಕೂಲಿಂಗ್ ಟವರ್‌ಗಳಿಂದ ಆವಿಯಾಗಿ ಹೋದದ್ದು. ಚಳಿಗಾಲದ ಬೆಳಗಿನಲ್ಲಿ ಕಾರ್ಖಾನೆಯ ಹಿತ್ತಲಿಗೆ ಹೋದವರಿಗೆ ಆ ಬಿಳಿ ಮಂಜು ಪರಿಚಿತ.

ಹಣಕಾಸು ಮುಖ್ಯಸ್ಥರು ಒಪ್ಪಲು ಎರಡು ಸಭೆ ಬೇಕಾದವು. ಹಿಂದಿನ ವರ್ಷದ ವರದಿಯಲ್ಲಿ ಹೊರಬಿಟ್ಟ ನೀರು ಸೊನ್ನೆ, ಬಳಕೆ ಒಂದೂವರೆ ಲಕ್ಷದ ಆಸುಪಾಸು ಎಂದು ಅಚ್ಚಾಗಿತ್ತು. ‘ನದಿಗೆ ಒಂದು ಹನಿ ಬಿಟ್ಟಿಲ್ಲ, ಹೀಗಾಗಿ ಸೊನ್ನೆ’ ಎಂಬುದು ಅವರ ವಾದ. ನದಿಗೆ ಬಿಡದಿದ್ದುದು ನಿಜವೇ. ಆದರೆ ಶುದ್ಧೀಕರಿಸಿದ ನೀರು ಪೈಪಿನಲ್ಲಿ ಸುತ್ತಲಿನ ರೈತರ ಹೊಲಗಳಿಗೆ ಹೋಗುತ್ತಿತ್ತು. ಹೊಲ ಕಂಪನಿಯದಲ್ಲ, ಕೋಷ್ಟಕದ ಭಾಷೆಯಲ್ಲಿ ಅದು ‘ಬೇರೆಯವರಿಗೆ ಕೊಟ್ಟದ್ದು’, ಶುದ್ಧೀಕರಣದ ಮಟ್ಟವನ್ನೂ ಹೇಳಬೇಕು. ಮೀಟರ್ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ವರ್‌ಗೆ ಅಂಕಿ ಕಳುಹಿಸುತ್ತಿರುವಾಗ ವಾರ್ಷಿಕ ವರದಿಯಲ್ಲಿ ಸೊನ್ನೆ ಬರೆಯುವುದು ಧೈರ್ಯವೋ ಅಮಾಯಕತೆಯೋ ನನಗೆ ತಿಳಿಯದು. ಹಿಂದಿನ ವರ್ಷದ ಕಾಲಂ ಕೂಡ ತಿದ್ದಿ, ಏಕೆ ತಿದ್ದಿದೆವೆಂದು ಕೆಳಗೆ ಟಿಪ್ಪಣಿ ಹಾಕಿಸಿದೆ.

ಇಂಥ ತಪ್ಪು ಹಿಡಿಯಲು ಹೊರಗಿನವರಿಗೂ ದಾರಿಯಿದೆ. ಪ್ರತಿ ಕಾರ್ಖಾನೆ ಸೆಪ್ಟೆಂಬರ್ 30ರೊಳಗೆ ಮಂಡಳಿಗೆ ಫಾರ್ಮ್-5 ಎಂಬ ಪರಿಸರ ಹೇಳಿಕೆ ಸಲ್ಲಿಸುತ್ತದೆ; ಅದರಲ್ಲಿ ದಿನಕ್ಕೆ ಎಷ್ಟು ನೀರು ಎಂದಿರುತ್ತದೆ. ಅದನ್ನು ಬರೆಯುವವರು ಕಾರ್ಖಾನೆಯಲ್ಲಿ, ಬಿಆರ್‌ಎಸ್‌ಆರ್ ಬರೆಯುವವರು ಕಂಪನಿ ಕಾರ್ಯದರ್ಶಿಯ ಕೋಣೆಯಲ್ಲಿ. ಇಬ್ಬರೂ ಪರಸ್ಪರರ ಕಾಗದ ನೋಡಿರುವುದಿಲ್ಲ. ನಾನು ಮೊದಲು ಕೇಳುವುದೇ ಫಾರ್ಮ್-5, ಆಮೇಲೆ ನೀರಾವರಿ ನಿಗಮದ ಬಿಲ್. ಬಿಲ್ಲಿನಲ್ಲೂ ಎಚ್ಚರ ಬೇಕು: ಈ ಕಾರ್ಖಾನೆಯದು ಮಂಜೂರಾದ ಪ್ರಮಾಣಕ್ಕೆ ಹಾಕಿದ ಬಿಲ್, ಎತ್ತಿದ ಪ್ರಮಾಣಕ್ಕಲ್ಲ.

ವಹಿವಾಟಿನ ಮೇಲೆ ನೀರಿನ ತೀವ್ರತೆಯನ್ನೂ ಸೆಬಿ ಕೇಳುತ್ತದೆ, ಅಂದರೆ ರೂಪಾಯಿಗೆ ಎಷ್ಟು ನೀರು ಎಂದು. ಈ ಘಟಕದ ವಹಿವಾಟು 450 ಕೋಟಿ ಎಂದುಕೊಳ್ಳಿ. ಕೋಟಿಗೆ ಸುಮಾರು 1,078 ಕಿಲೋಲೀಟರ್ ಆಯಿತು. ಮರುವರ್ಷ ಸಕ್ಕರೆ ದರ ಏರಿ ಅದೇ ಉತ್ಪಾದನೆಗೆ 495 ಕೋಟಿ ಬಂದರೆ ಅಂಕಿ 980ಕ್ಕೆ ಇಳಿಯುತ್ತದೆ. ಒಂದು ಕೊಡ ನೀರೂ ಉಳಿದಿಲ್ಲ. ವರದಿಯಲ್ಲಿ ಮಾತ್ರ ಶೇ 9ರ ಸಾಧನೆ. ಆದ್ದರಿಂದ ನಾನು ಓದುವುದು ಅದರ ಕೆಳಗಿನ ಸಾಲನ್ನು: ಉತ್ಪಾದನೆಯ ಪ್ರತಿ ಟನ್‌ಗೆ ಎಷ್ಟು ನೀರು. ಒಂದು ಲಕ್ಷ ಟನ್ ಸಕ್ಕರೆಗೆ ಟನ್‌ಗೆ 4.85 ಕಿಲೋಲೀಟರ್, ದರ ಏರಿದರೂ ಇಳಿದರೂ ಅಷ್ಟೇ.

ಬಿಆರ್‌ಎಸ್‌ಆರ್‌ನ ಆಯ್ದ ಅಂಶಗಳಿಗೆ ಹೊರಗಿನವರ ಪರಿಶೀಲನೆ ಹಂತಹಂತವಾಗಿ ಕಡ್ಡಾಯವಾಗುತ್ತಿದೆ. 2023-24ರಲ್ಲಿ ಮೊದಲ 150 ಕಂಪನಿಗಳಿಂದ ಆರಂಭವಾಗಿ 2026-27ಕ್ಕೆ ಪೂರ್ತಿ 1,000ಕ್ಕೆ ತಲುಪುತ್ತದೆ. ಆ ಅಂಶಗಳಲ್ಲಿ ನೀರೂ ಒಂದು. ನದಿಯ ಅಂಕಿಗೆ, ಕಬ್ಬಿನ ಅಂಕಿಗೆ ನಾನು ಸಹಿ ಹಾಕಬಲ್ಲೆ, ಹಿಂದೆ ದಾಖಲೆಗಳಿವೆ. ಕೊಳವೆಬಾವಿಯ 30,000ಕ್ಕೆ ಆಗದು. ಕಾಲೊನಿಯ ಮೂರು ಬಾವಿಗಳಿಗೆ ಮೀಟರ್ ಇಲ್ಲ. ಮೋಟರಿನ ಅಶ್ವಶಕ್ತಿಯನ್ನು ವಾಚಮನ್‌ನ ನೋಟ್‌ಬುಕ್‌ನ ಗಂಟೆಗಳಿಂದ ಗುಣಿಸಿ ಬರೆದಿದ್ದಾರೆ, ಆ ನೋಟ್‌ಬುಕ್‌ನಲ್ಲಿ ಯುಗಾದಿಯ ದಿನವೂ ಸರಿಯಾಗಿ ಎಂಟು ಗಂಟೆ.