ಹತ್ತು ವರ್ಷದಲ್ಲಿ ಊರಿಗೆ ಬರುವವರು ದುಡ್ಡನ್ನು ರೂಪಾಯಿಯಲ್ಲಿಡಬೇಕಾ, ಡಾಲರಿನಲ್ಲಾ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ನಾನು ದುಬೈನಲ್ಲಿ ಎಂಜಿನಿಯರ್. ಹತ್ತು ವರ್ಷ ಬಿಟ್ಟು ವಾಪಸ್ ಬರುತ್ತೇನೆ. ಮನೆ ಕಟ್ಟಬೇಕು, ಒಂದೆರಡು ಎಕರೆ ಅಡಿಕೆ ತೋಟ ಕೊಳ್ಳಬೇಕು. ಅನಿವಾಸಿಗಳು ರೂಪಾಯಿಯಲ್ಲಿ ಇಡುವ ಎನ್‌ಆರ್‌ಇ ಠೇವಣಿಗೆ ಬಡ್ಡಿ ಜಾಸ್ತಿ, ಆದರೆ ರೂಪಾಯಿ ಇಳಿಯುತ್ತಲೇ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಸಂಬಳದ ದಿರ್ಹಮ್ 1997ರಿಂದ ಡಾಲರಿಗೆ ಕಟ್ಟಿಕೊಂಡಿದೆ. ಒಂದು ಡಾಲರಿಗೆ 3.6725 ದಿರ್ಹಮ್. ಹಾಗಾಗಿ ನಿಮಗೆ ಇರುವುದು ಡಾಲರ್-ರೂಪಾಯಿ ಲೆಕ್ಕ ಮಾತ್ರ.

10,000 ಡಾಲರ್ ಇದೆ, ದರ 85 ರೂಪಾಯಿ ಅಂದುಕೊಳ್ಳಿ. ಇಂದೇ ತಂದು ಎನ್‌ಆರ್‌ಇ ಠೇವಣಿಯಲ್ಲಿ 7% ಬಡ್ಡಿಗೆ ಇಟ್ಟರೆ, 8.5 ಲಕ್ಷ ಹತ್ತು ವರ್ಷಕ್ಕೆ ಸುಮಾರು 16.7 ಲಕ್ಷ ಆಗುತ್ತದೆ. ಅದೇ ದುಡ್ಡನ್ನು ಡಾಲರಿನಲ್ಲೇ ಎಫ್‌ಸಿಎನ್‌ಆರ್ ಠೇವಣಿಯಾಗಿ 4.5%ಗೆ ಇಟ್ಟರೆ ಸುಮಾರು 15,500 ಡಾಲರ್. (ಈ ಠೇವಣಿಯ ಅವಧಿ ಗರಿಷ್ಠ 5 ವರ್ಷ, ನಡುವೆ ಒಮ್ಮೆ ನವೀಕರಿಸಬೇಕು.) ಎರಡೂ ಸಮ ಆಗುವುದು ಡಾಲರ್ 108 ರೂಪಾಯಿ ಆಸುಪಾಸಿನಲ್ಲಿದ್ದಾಗ. ಅದಕ್ಕಿಂತ ಮೇಲೆ ಹೋದರೆ ಡಾಲರ್ ಇಟ್ಟವರಿಗೆ ಲಾಭ, ಕೆಳಗಿದ್ದರೆ ರೂಪಾಯಿ ಇಟ್ಟವರಿಗೆ. ಬ್ಯಾಂಕಿನ ಇವತ್ತಿನ ದರ ಹಾಕಿ ನೀವೇ ಈ ಲೆಕ್ಕ ಮಾಡಿ ನೋಡಿ.

108 ಅಂದರೆ ರೂಪಾಯಿ ವರ್ಷಕ್ಕೆ 2.4% ಸವೆದ ಹಾಗೆ. 2014ರ ಕೊನೆಗೆ 63ರ ಹತ್ತಿರ ಇದ್ದ ಡಾಲರ್ 2024ರ ಕೊನೆಗೆ 85 ದಾಟಿತ್ತು, ಅಂದರೆ ವರ್ಷಕ್ಕೆ ಸುಮಾರು 3%. ವ್ಯತ್ಯಾಸ ಎಷ್ಟು ಚಿಕ್ಕದು ನೋಡಿ! ಎನ್‌ಆರ್‌ಇಯಲ್ಲಿ ಸಿಗುವ ಹೆಚ್ಚಿನ ಬಡ್ಡಿಯ ಬಹುಪಾಲು ರೂಪಾಯಿ ಇಳಿಯುವುದಕ್ಕೆ ಕೊಟ್ಟ ಪರಿಹಾರ. ಬಡ್ಡಿ ನೋಡಿ ಆರಿಸುವುದರಲ್ಲಿ ಅರ್ಥವಿಲ್ಲ. ದುಡ್ಡು ಎಲ್ಲಿ ಖರ್ಚಾಗುತ್ತದೆ ಅನ್ನುವುದನ್ನು ನೋಡಿ.

ಗಾರೆ ಕೆಲಸದವರ ಕೂಲಿ, ಕೆಂಪುಕಲ್ಲು, ಮರ, ಎಲ್ಲವೂ ರೂಪಾಯಿಯಲ್ಲೇ. ಮನೆಯ ದುಡ್ಡು ರೂಪಾಯಿಯಲ್ಲಿರಲಿ. ಮಕ್ಕಳು ಹೊರದೇಶದಲ್ಲಿ ಓದುವುದಾದರೆ ಆ ಪಾಲು ಡಾಲರಿನಲ್ಲೇ ಇರಲಿ. ಯಾವುದಕ್ಕೆಂದು ಗೊತ್ತಿಲ್ಲದ ಉಳಿದದ್ದನ್ನು ಅರ್ಧರ್ಧ ಮಾಡಿ, ಕೊನೆಯ ಮೂರು ವರ್ಷದಲ್ಲಿ ಡಾಲರಿನ ಪಾಲನ್ನು ಸ್ವಲ್ಪ ಸ್ವಲ್ಪವಾಗಿ ತನ್ನಿ. ಒಂದೇ ದಿನದ ದರಕ್ಕೆ ಹತ್ತು ವರ್ಷದ ದುಡಿಮೆ ಒಪ್ಪಿಸಬೇಡಿ.

ತೋಟದ್ದು ಬೇರೆ ಕಥೆ. ಅನಿವಾಸಿಯಾಗಿರುವಾಗ ನೀವು ಕೃಷಿ ಜಮೀನು, ತೋಟ ಕೊಳ್ಳುವ ಹಾಗಿಲ್ಲ, ವಿದೇಶಿ ವಿನಿಮಯದ ಫೆಮಾ ಕಾನೂನು ಬಿಡುವುದಿಲ್ಲ. ಅಪ್ಪನ ತೋಟ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. "ಈಗಲೇ ಮುಂಗಡ ಕೊಡಿ, ಕಾಗದ ಆಮೇಲೆ ಮಾಡೋಣ" ಅಂತ ಊರಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ. ತೋಟದ ದುಡ್ಡು ನೀವು ಬಂದು ನೆಲೆಸುವ ತನಕ ಕಾಯಬೇಕು.

ಬಂದ ಕೂಡಲೇ ಬ್ಯಾಂಕಿಗೆ ತಿಳಿಸಿ. ಖಾಯಂ ಆಗಿ ಮರಳಿದ ಮೇಲೆ ಎನ್‌ಆರ್‌ಇ ಬಡ್ಡಿಗೆ ತೆರಿಗೆ ವಿನಾಯಿತಿ ಇಲ್ಲ. ಎಫ್‌ಸಿಎನ್‌ಆರ್ ಠೇವಣಿಯನ್ನು ಮಾತ್ರ ಅವಧಿ ಮುಗಿಯುವ ತನಕ ಅದೇ ದರದಲ್ಲಿ ಮುಂದುವರಿಸಬಹುದು. ಹತ್ತು ವರ್ಷ ಹೊರಗಿದ್ದು ಬಂದವರಿಗೆ ಆದಾಯ ತೆರಿಗೆ ಕಾನೂನಿನಲ್ಲಿ ಸಾಮಾನ್ಯವಾಗಿ ಎರಡು ಮೂರು ವರ್ಷ 'ಆರ್‌ಎನ್‌ಒಆರ್', ಅಂದರೆ ಸಾಮಾನ್ಯ ನಿವಾಸಿಯಲ್ಲದ ನಿವಾಸಿ ಅನ್ನುವ ಸ್ಥಾನ ಸಿಗುತ್ತದೆ, ಆಗ ಎಫ್‌ಸಿಎನ್‌ಆರ್ ಬಡ್ಡಿಗೆ ತೆರಿಗೆ ಇರುವುದಿಲ್ಲ. ಬರುವ ಮುಂಚಿನ ವರ್ಷ ಐದು ವರ್ಷದ ಎಫ್‌ಸಿಎನ್‌ಆರ್ ಮಾಡಿಟ್ಟರೆ ಈ ಅನುಕೂಲ ಕೈಗೆ ಬರುತ್ತದೆ.